ಒಂದು ಪುಟದಲ್ಲಿ ಏಳು ಸಲ ಅತ್ತವಳು

ಎರಡನೇ ವರ್ಷದ ಬಿ.ಎ.ಯಲ್ಲಿದ್ದಾಗ ಕಾಲೇಜು ಸಂಚಿಕೆಗೆ ಅಂತ ಒಂದು ಕಥೆ ಬರೆದಿದ್ದೆ. ಕೊನೆಯಲ್ಲಿ ಸುಮ, ರಘು ಬೇರೆಯಾಗುತ್ತಾರೆ. ಜೋರು ಮಳೆ, ಗುಡುಗು. 'ನೀನಿಲ್ಲದೆ ಹೇಗೆ ಬದುಕಲಿ' ಅಂತ ಸುಮ ಕುಸಿಯುತ್ತಾಳೆ. ಬರೆಯುತ್ತಾ ನಾನೂ ಅತ್ತಿದ್ದೆ.

ಕನ್ನಡ ಮೇಡಂ ಹಾಳೆ ವಾಪಸ್ ಕೊಟ್ಟಾಗ ಅಂಚಿನಲ್ಲಿ 7 ಅಂತ ಇತ್ತು. ಮಾರ್ಕ್ಸ್ ಅಂದುಕೊಂಡೆ.

"ಒಂದೇ ಪುಟದಲ್ಲಿ ಏಳು ಸಲ ಕಣ್ಣೀರು ಬಂದಿದೆಯಪ್ಪಾ. ಎಲ್ಲಾ ಅವಳೇ ಅತ್ತುಬಿಟ್ಟರೆ ಓದುವವರಿಗೆ ಏನು ಉಳೀತು?" ಅಂದರು. ಆಮೇಲೆ, "ಈ ಮಾತುಗಳನ್ನ ಯಾವ ಜೋಡಿ ಬೇಕಾದರೂ ಆಡಬಹುದಲ್ವಾ? ಇವರಿಬ್ಬರದೇ ಅನ್ನೋದು ಏನಿದೆ?"

ಹುಡುಕಿದರೆ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಮೊದಲ ಪುಟದಲ್ಲಿ ಸುಮ ಅದರಲ್ಲಿ ರಘುವಿಗೆ ಚಿತ್ರಾನ್ನ ತರುತ್ತಾಳೆ. ಸುಮ್ನೆ ಬರೆದು ಮರೆತಿದ್ದೆ. ಮೇಡಂ ಅದರ ಕೆಳಗೆ ಗೆರೆ ಎಳೆದರು.

ಎರಡನೇ ಸಲ ಬರೆದಾಗ ಮಳೆ ತೆಗೆದೆ. ಮನೆಯವರು ಒಪ್ಪಲಿಲ್ಲ ಅನ್ನುವ ಉದ್ದದ ಜಗಳವನ್ನೂ ತೆಗೆದೆ. ತೀರ್ಮಾನ ಹಿಂದಿನ ದಿನವೇ ಆಗಿಹೋಗಿದೆ, ನಾವು ಅವರನ್ನು ನೋಡುವುದು ಮರುದಿನ ಬಸ್ ಸ್ಟ್ಯಾಂಡಿನಲ್ಲಿ. ರಘು ಡಬ್ಬಿ ಕೊಟ್ಟ, ಸುಮ ತೆಗೆದುಕೊಂಡಳು, ಬಸ್ ಬಂತು. ಹಾಸ್ಟೆಲ್‌ನ ಗೆಳೆಯ ಓದಿ, "ಸೋಮವಾರ ಮತ್ತೆ ಸಿಗ್ತಾರಾ?" ಅಂತ ಕೇಳಿದ! ಬೇರೆಯಾದದ್ದೇ ಅವನಿಗೆ ಗೊತ್ತಾಗಿರಲಿಲ್ಲ. ಅಳು ಜಾಸ್ತಿಯಾಗಿದ್ದ ಕಥೆ ಈಗ ಒಣಗಿಹೋಗಿತ್ತು.

"ಎಲ್ಲಾ ಮುಚ್ಚಿಡಬೇಡ. ಒಂದು ಕಡೆ ಸೋರಲಿ" ಅಂದರು ಮೇಡಂ. ಎಲ್ಲಿ ಸೋರಬೇಕು ಅಂತ ಹೇಳಲಿಲ್ಲ. ನಮ್ಮ ಮನೆಗಳಲ್ಲಿ ಪಾತ್ರೆಯನ್ನು ಖಾಲಿ ವಾಪಸ್ ಕೊಡುವುದಿಲ್ಲ, ಏನಾದರೂ ಹಾಕಿಯೇ ಕೊಡುತ್ತಾರೆ. ವಾರವಿಡೀ ಒದ್ದಾಡಿದ ಮೇಲೆ ಇದು ನೆನಪಾಯಿತು. ಆದರೆ ಅದನ್ನು ಕೊನೆಯಲ್ಲಿ ವಿವರಿಸಲು ಹೋದರೆ ದೃಶ್ಯ ಕೆಡುತ್ತದೆ. ಅದಕ್ಕೇ ಮೊದಲ ಪುಟದಲ್ಲೇ ರಘುವಿನ ಅಮ್ಮ ಡಬ್ಬಿಗೆ ನಿಪ್ಪಟ್ಟು ಹಾಕಿ ಕಳಿಸುವ ಹಾಗೆ ಒಂದು ಸಾಲು ಸೇರಿಸಿದೆ. ಬಸ್ ಸ್ಟ್ಯಾಂಡ್ ಹೀಗಾಯಿತು:

ಡಬ್ಬಿ ಭಾರವಾಗಿತ್ತು.
"ಏನಿದೆ?"
"ಅಮ್ಮ ಕೊಬ್ಬರಿ ಮಿಠಾಯಿ ಹಾಕಿದಾರೆ."
"ಅವರಿಗೆ ಹೇಳಿಲ್ವಾ?"
"ಇಲ್ಲ."
ಬಸ್ಸು ತಿರುವಿನಲ್ಲಿ ಕಾಣಿಸಿತು.
"ಚೆನ್ನಾಗಿತ್ತು ಅಂತ ಹೇಳು ಅವರಿಗೆ" ಎಂದಳು ಸುಮ. ಮುಚ್ಚಳ ಇನ್ನೂ ತೆಗೆದಿರಲಿಲ್ಲ.

ಮುಂದೆ ಯಾವತ್ತೂ ಹೇಳಲಾಗದ ಮಾತನ್ನು ಅವಳು ಈಗಲೇ ಹೇಳಿಬಿಡುತ್ತಾಳೆ. ಬೇರೆಯಾದದ್ದು ಗೆಳೆಯನಿಗೂ ಅಲ್ಲೇ ತಿಳಿಯಿತು. ಓದಿ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ಡಬ್ಬಿ ಏನಾಯಿತು ಅಂತ ಕೇಳಿದ.

ನನಗೆ ಮಾತ್ರ ಇನ್ನೂ ಧೈರ್ಯ ಸಾಲದೆ, ಕೊನೆಗೆ 'ಅವಳ ಕಣ್ಣು ತುಂಬಿ ಬಂತು' ಅಂತ ಸೇರಿಸಿ ಕೊಟ್ಟಿದ್ದೆ. ಸಂಚಿಕೆ ಅಚ್ಚಾಗಿ ಬಂದಾಗ ಆ ಸಾಲು ಇರಲಿಲ್ಲ. ಮೇಡಂ ಒಂದು ಮಾತೂ ಕೇಳದೆ ತೆಗೆದಿದ್ದರು. ಒಂದು ವಾರ ಅವರ ಕ್ಲಾಸಿನಲ್ಲಿ ಹಿಂದಿನ ಬೆಂಚಲ್ಲಿ ಕೂತೆ.