ಅತಿಥಿ ಪರಿಚಯಕ್ಕೆ ಆರು ಸಾಲು ಸಾಕು

ಶಾಲಾ ಸಮಾರಂಭದಲ್ಲಿ ಅತಿಥಿಯನ್ನು ಪರಿಚಯಿಸುವ ಮಗು ತಡವರಿಸಿದರೆ ಬಹಳ ಸಲ ಕಾರಣ ಹೆದರಿಕೆಯಲ್ಲ, ದೊಡ್ಡವರು ಬರೆದುಕೊಟ್ಟ ಉದ್ದುದ್ದ ವಾಕ್ಯ. 'ಬಹುಮುಖ ಪ್ರತಿಭೆಯ' ಅನ್ನುವಷ್ಟರಲ್ಲೇ ಪಾಪ, ಉಸಿರು ಮುಗಿದಿರುತ್ತದೆ. ಅತಿಥಿ ಮಕ್ಕಳ ವೈದ್ಯೆ, ಹೇಳುವುದು ಮೂರನೇ ತರಗತಿಯ ಮಗು ಅಂದುಕೊಳ್ಳಿ:

"ಎಲ್ಲರಿಗೂ ನಮಸ್ಕಾರ. ಇಂದು ನಮ್ಮ ಶಾಲೆಗೆ ಒಬ್ಬರು ಡಾಕ್ಟರ್ ಬಂದಿದ್ದಾರೆ. ಇವರು ಮಕ್ಕಳ ಕಾಯಿಲೆ ವಾಸಿ ಮಾಡುತ್ತಾರೆ. ಇವರಿಗೆ ಗಿಡ ಬೆಳೆಸುವುದೆಂದರೆ ತುಂಬಾ ಇಷ್ಟ. ಇವರೇ ನಮ್ಮ ಮುಖ್ಯ ಅತಿಥಿ, ಡಾಕ್ಟರ್ ______ ಅವರು. ಮೇಡಂ, ನಿಮಗೆ ಪ್ರೀತಿಯ ಸ್ವಾಗತ."

ಹೆಸರು ಕೊನೆಯಲ್ಲೇ ಬರಲಿ. ಮೊದಲೇ ಹೇಳಿದರೆ ಚಪ್ಪಾಳೆ ಬೀಳುತ್ತದೆ, ಮುಂದಿನ ಸಾಲು ಮರೆತುಹೋಗುತ್ತದೆ. ಹೆಸರಿನ ಉಚ್ಚಾರಣೆ, ಇನಿಷಿಯಲ್, ಆ ಗಿಡದಂಥ ಇಷ್ಟದ ವಿಷಯ, ಇವನ್ನೆಲ್ಲ ಅತಿಥಿಯನ್ನೇ ಕೇಳಿ ಬರೆದುಕೊಳ್ಳಿ. ಪದವಿ, ಪ್ರಶಸ್ತಿಗಳ ಪಟ್ಟಿ ನಿರೂಪಕರ ಪಾಲಿಗಿರಲಿ.

ಕಲಿಸುವಾಗ ಕೊನೆಯ ಎರಡು ಸಾಲು ಮೊದಲು ಬಾಯಿಪಾಠವಾಗಲಿ, ಆಮೇಲೆ ಹಿಂದಿನ ಒಂದೊಂದೇ ಸಾಲು ಸೇರಿಸುತ್ತಾ ಬನ್ನಿ. ಹೀಗೆ ಮಾಡಿದರೆ ಮಧ್ಯೆ ತಪ್ಪಿದರೂ ಮಗು ಹೆಸರಿಗೆ ಬಂದು ಮುಟ್ಟುತ್ತದೆ. ಚೀಟಿ ಕೈಯಲ್ಲಿದ್ದರೆ ಒಂದು ಗೆರೆಗೆ ಒಂದೇ ವಾಕ್ಯ, ದಪ್ಪ ಅಕ್ಷರದಲ್ಲಿ. ಮೈಕಿನ ಎತ್ತರವನ್ನು ಮಗು ವೇದಿಕೆಗೆ ಬರುವ ಮುಂಚೆಯೇ ಇಳಿಸಿಡಿ.