ಅಮ್ಮನ ಒಂಬತ್ತು ಸ್ಕ್ರೀನ್‌ಶಾಟ್

ಮೊನ್ನೆ ಭಾನುವಾರ ಶಿವಮೊಗ್ಗದಿಂದ ಅಮ್ಮ ವಾಟ್ಸಾಪ್‌ನಲ್ಲಿ ಒಂಬತ್ತು ಸ್ಕ್ರೀನ್‌ಶಾಟ್ ಕಳಿಸಿದರು. ಪೇಮೆಂಟ್ ಆ್ಯಪ್‌ನ ಒಂದು ತಿಂಗಳ ಹಿಸ್ಟರಿ. "ಯಾವುದಕ್ಕೆ ಎಷ್ಟು ಹೋಗಿದೆ ನೋಡಿ ಹೇಳೋ, ಮಗಾ" ಅಂದರು.

ಒಂದೊಂದೇ ಸಾಲು ಎಕ್ಸೆಲ್‌ಗೆ ಹಾಕಿ ಕೂಡಿದೆ. 22,846 ರೂಪಾಯಿ ಬಂತು. ಪಾಸ್‌ಬುಕ್ ತೆಗೆದು ಯುಪಿಐನಲ್ಲಿ ಹೋದದ್ದನ್ನಷ್ಟೇ ಓದಿ ಅಂದೆ. ಅವರು ಓದಿದ್ದನ್ನು ಕೂಡಿದರೆ 18,881. ಸುಮಾರು ನಾಲ್ಕು ಸಾವಿರ ವ್ಯತ್ಯಾಸ!

ಮೊದಲು ಸಿಕ್ಕಿದ್ದು ಎರಡೆರಡು ಸಲ ಬಂದ ಸಾಲುಗಳು. ಅಮ್ಮ ಸ್ಕ್ರಾಲ್ ಮಾಡುತ್ತಾ ತೆಗೆದಿದ್ದಾರೆ, ಹಾಗಾಗಿ ಒಂದು ಚಿತ್ರದ ಕೆಳಗಿನ ಮೂರು ಸಾಲು ಮುಂದಿನದರ ಮೇಲೆ ಮತ್ತೆ ಇವೆ. 845 ರೂಪಾಯಿ ಅಲ್ಲೇ ಹೋಯಿತು. ಆದರೆ ಒಂದೇ ಹೆಸರು, ಒಂದೇ ಮೊತ್ತ ಅಂತ ಸುಮ್ನೆ ಅಳಿಸೋ ಹಾಗಿಲ್ಲ. ಒಂದೇ ದಿನ ಒಬ್ಬರಿಗೇ 20 ರೂಪಾಯಿ ಎರಡು ಸಲ ಹೋಗಿತ್ತು, ಅದನ್ನೂ ತೆಗೆಯುವವನಿದ್ದೆ. ಅಮ್ಮನಿಗೆ ಎರಡನ್ನೂ ಒತ್ತಿ ನೋಡಲು ಹೇಳಿದೆ. ಒಳಗಿರುವ 12 ಅಂಕಿಯ UTR ನಂಬರ್ ಬೇರೆ ಬೇರೆ ಇತ್ತು, ಅಂದರೆ ನಿಜವಾಗಿಯೂ ಎರಡು ಸಲ ಕೊಟ್ಟಿದ್ದಾರೆ.

ಆಮೇಲೆ ಮೆಡಿಕಲ್ ಶಾಪ್‌ನ 1,250. ಎರಡು ಸಾಲು, ಒಂದರ ಕೆಳಗೆ ಸಣ್ಣದಾಗಿ Failed ಅಂತಿದೆ. ಅದು ಖಾತೆಯಿಂದ ಹೋಗೇ ಇಲ್ಲ.

ನನಗೆ ಜಾಸ್ತಿ ಹೊತ್ತು ಹಿಡಿದದ್ದು ಯುಪಿಐ ಲೈಟ್, ಅಂದರೆ ಸಣ್ಣ ಖರ್ಚಿಗೆ ಖಾತೆಯಿಂದ ಮೊದಲೇ ದುಡ್ಡು ತುಂಬಿಸಿಡುವ ಆ್ಯಪ್‌ನೊಳಗಿನ ಪರ್ಸ್. ಅಮ್ಮ ಎರಡು ಸಲ ಸಾವಿರ ಸಾವಿರ ತುಂಬಿಸಿದ್ದಾರೆ. ಹಾಲು, ಸೊಪ್ಪಿಗೆಲ್ಲ ಅದರಿಂದಲೇ ಕೊಡುತ್ತಾರೆ. ನಾನು ತುಂಬಿಸಿದ್ದನ್ನೂ ಕೂಡಿದ್ದೆ, ಅದರಿಂದ ಖರ್ಚಾದದ್ದನ್ನೂ ಕೂಡಿದ್ದೆ. ಪಾಸ್‌ಬುಕ್‌ನಲ್ಲಿ ತುಂಬಿಸಿದ್ದು ಮಾತ್ರ ಕಾಣುತ್ತದೆ, ಆದರೆ ಯಾವುದಕ್ಕೆ ಹೋಯಿತು ಅಂತ ತಿಳಿಯಬೇಕಾದರೆ ಸಣ್ಣ ಸಾಲುಗಳೇ ಬೇಕಲ್ವಾ, ಹಾಗಾಗಿ ಆ ಎರಡು ಸಾವಿರವನ್ನೇ ತೆಗೆದೆ.

ಈಗ ಉಳಿದದ್ದು 18,751. ಪಾಸ್‌ಬುಕ್‌ಗಿಂತ 130 ಕಡಿಮೆ. "ಅಮ್ಮಾ, ಲೈಟ್‌ನಲ್ಲಿ ಎಷ್ಟಿದೆ ನೋಡಿ" ಅಂದೆ. "ನೂರಾ ಮೂವತ್ತು ಕಣೋ" ಅಂದರು. ತಿಂಗಳ ಶುರುವಿನಲ್ಲಿ ಅದು ಖಾಲಿಯಿತ್ತು. ಲೆಕ್ಕ ಸರಿಯಾಯಿತು, ಬಹಳ ಖುಷಿಯಾಯಿತು.

ವಿಂಗಡಿಸುವಾಗ ಮಾತ್ರ ಅಮ್ಮ ಫೋನಿನಲ್ಲೇ ಇರಬೇಕಾಯಿತು. ಆ್ಯಪ್ ಎಷ್ಟೋ ಕಡೆ ಅಂಗಡಿಯ ಹೆಸರು ತೋರಿಸುವುದಿಲ್ಲ, ಖಾತೆ ಯಾರದೋ ಅವರ ಹೆಸರು ತೋರಿಸುತ್ತದೆ. ಒಂದು ಗಂಡಸಿನ ಹೆಸರಿಗೆ ವಾರಕ್ಕೆರಡು ಸಲ 40 ರೂಪಾಯಿ ಹೋಗಿತ್ತು. ಆಟೋ ಇರಬೇಕು ಅಂತ ಆಟೋ ಕಾಲಮ್ಮಿಗೆ ಹಾಕಿದ್ದೆ.

"ಅಯ್ಯೋ, ಅದು ಹೂವಿನವಳದು ಕಣೋ. ಮಗನ ಫೋನಿನ ಸ್ಕ್ಯಾನರ್ ಇಟ್ಟಿದಾಳೆ" ಅಂದರು ಅಮ್ಮ. ಹೂವಿಗೆ ಒಂದು ಕಾಲಮ್ ಹೊಸದಾಗಿ ಮಾಡಿದೆ.