ಡ್ರಾಯರ್‌ನಲ್ಲಿ ಸೆಲ್ ಇವೆ

ನವೆಂಬರ್ 12, 2025, ಬುಧವಾರ

ಗೆಳತಿಯೊಬ್ಬಳು ಇಂಗ್ಲಿಷಿನ ಒಂದು ಸಣ್ಣಕತೆಯನ್ನು ಕನ್ನಡಕ್ಕೆ ತರುತ್ತಿದ್ದಾಳೆ. ಕರಡು ನೋಡಿಕೊಡು ಅಂತ ಕಳಿಸಿದ್ದಳು. ಎಪ್ಪತ್ತು ದಾಟಿದ ಗಂಡ ಹೆಂಡತಿಯ ಕತೆ. ಮೂಲದಲ್ಲಿ ಪ್ರೀತಿ ಅನ್ನುವ ಪದ ಒಂದು ಸಲವೂ ಬರುವುದಿಲ್ಲ. ಕರಡಿನಲ್ಲಿ ಎರಡನೇ ಪುಟದಲ್ಲೇ ಬಂದಿದೆ. ಇವತ್ತು ಬೇರೆ ಕೆಲಸ ಬದಿಗಿಟ್ಟು ಇದನ್ನೇ ಹಿಡಿದು ಕೂತೆ.

ಕತೆಯ ನಡುವೆ ಒಂದು ಪುಟ್ಟ ಸಂದರ್ಭ ಇದೆ. ರಾತ್ರಿ ಹೊತ್ತು. ಗೇಟಿಗೆ ಬೀಗ ಹಾಕಿದೆಯೋ ಇಲ್ಲವೋ ನೋಡಲು ಅವನು ಎದ್ದು ಹೊರಡುತ್ತಾನೆ. ಟಾರ್ಚ್ ತಗೋ ಅನ್ನುತ್ತಾಳೆ ಅವಳು. ದಾರಿ ಗೊತ್ತು ಅನ್ನುತ್ತಾನೆ ಅವನು. ಆದರೂ ಟಾರ್ಚ್ ತೆಗೆದುಕೊಂಡೇ ಹೋಗುತ್ತಾನೆ. ವಾಪಸ್ ಬಂದಾಗ, ತುಂಬಾ ಹೊತ್ತು ಆಯ್ತು ಅನ್ನುವ ಅರ್ಥದ ಒಂದು ಮಾತು ಅವಳಿಂದ. ಸೆಲ್ ಬದಲಾಯಿಸಬೇಕು ಅಂತ ಅವನಿಂದ. ಡ್ರಾಯರ್‌ನಲ್ಲಿ ಇವೆ ಅಂತ ಅವಳಿಂದ. ಅಷ್ಟೇ. ದೀಪ ಆರಿಸಿ ಮಲಗುತ್ತಾರೆ.

ನಾಲ್ಕು ಪುಟ ಆದಮೇಲೆ ಅವನು ಏನನ್ನೋ ಹುಡುಕುತ್ತಾ ಅದೇ ಡ್ರಾಯರ್ ಎಳೆಯುತ್ತಾನೆ. ಸೆಲ್ ಕೊಂಡ ರಸೀದಿ ಸಿಗುತ್ತದೆ. ಮಂಡಿನೋವಿಗೆ ಅವಳು ಮೆಟ್ಟಿಲು ಇಳಿಯಲೂ ಒದ್ದಾಡುತ್ತಿದ್ದ ವಾರದ್ದು. ಅವನು ರಸೀದಿಯನ್ನು ಇದ್ದ ಜಾಗದಲ್ಲೇ ಇಟ್ಟು ಡ್ರಾಯರ್ ಮುಚ್ಚುತ್ತಾನೆ. ಅವಳ ಹತ್ತಿರ ಏನೂ ಹೇಳುವುದಿಲ್ಲ.

ಕರಡಿನಲ್ಲಿ ಆ ರಾತ್ರಿಯ ಮಾತುಕತೆ ಹೀಗಿತ್ತು:

“ಹೊರಗೆ ಕತ್ತಲಿದೆ ಕಣ್ರೀ, ಜೋಪಾನ. ಟಾರ್ಚ್ ತಗೊಂಡು ಹೋಗಿ” ಎಂದು ಕಾಳಜಿಯಿಂದ ಹೇಳಿದಳು ಅಜ್ಜಿ.
“ನನಗೇನು ದಾರಿ ಗೊತ್ತಿಲ್ವೇನೇ?” ಎಂದು ನಕ್ಕ ಅಜ್ಜ, ಅವಳ ಸಮಾಧಾನಕ್ಕೆಂದು ಟಾರ್ಚ್ ಹಿಡಿದು ಹೊರಟ.
“ಯಾಕಿಷ್ಟು ತಡ ಮಾಡಿದ್ರಿ? ನನಗೆ ಜೀವವೇ ಇರಲಿಲ್ಲ.”
“ಸೆಲ್ ವೀಕಾಗಿದೆ, ಬದಲಾಯಿಸಬೇಕು.”
“ಹೊಸದು ತಂದು ಡ್ರಾಯರ್‌ನಲ್ಲಿ ಇಟ್ಟಿದ್ದೀನಿ.”

ಕನ್ನಡ ಸರಾಗವಾಗಿದೆ. ಒಂದು ಕಡೆಯೂ ಎಡವುವುದಿಲ್ಲ. ಆದರೆ ಇಲ್ಲಿರುವವರು ಬೇರೆ ಇಬ್ಬರು. ಮೂಲದವರು ಮುಚ್ಚಿಟ್ಟುಕೊಂಡದ್ದನ್ನೆಲ್ಲ ಇವರು ಬಾಯಿಬಿಟ್ಟು ಹೇಳಿಬಿಡುತ್ತಾರೆ.

ಇದು ನನ್ನ ಗೆಳತಿಯೊಬ್ಬಳ ಅಭ್ಯಾಸವಲ್ಲ. ಅನುವಾದ ಅನ್ನುವ ಕೆಲಸವೇ ಮಾತನ್ನು ಬಿಡಿಸಿ ಹೇಳುವ ಕಡೆಗೆ ವಾಲುತ್ತದೆ ಅಂತ ಭಾಷಾತಜ್ಞೆ ಶೋಶಾನಾ ಬ್ಲುಮ್-ಕುಲ್ಕಾ 1986ರಲ್ಲೇ ಬರೆದಿದ್ದರು. ಯಾವ ಭಾಷೆಯಿಂದ ಯಾವ ಭಾಷೆಗೆ ಅನ್ನುವುದು ಮುಖ್ಯವಲ್ಲ, ಅರ್ಥ ಮಾಡಿಕೊಂಡು ಮತ್ತೆ ಹೇಳುವ ಕೆಲಸದಲ್ಲೇ ಈ ಒಲವು ಇರಬಹುದು ಅನ್ನುವುದು ಅವರ ಊಹೆ. ನನಗೆ ಇದು ಸರಿ ಅನ್ನಿಸುತ್ತದೆ. ಅನುವಾದಕರು ಒಂದು ಸಾಲನ್ನು ಹತ್ತು ಸಲ ಓದಿರುತ್ತಾರೆ. ಅದರ ಹಿಂದಿನ ಭಾವ ಅವರಿಗೆ ಚೆನ್ನಾಗಿ ಗೊತ್ತಾಗಿರುತ್ತದೆ. ಗೊತ್ತಾದದ್ದು ಕೈಗೆ ಇಳಿಯುತ್ತದೆ. ಬೇರೆ ಕಡೆ ಇದರಿಂದ ದೊಡ್ಡ ನಷ್ಟ ಇಲ್ಲ, ಕೆಲವು ಸಲ ಉಪಕಾರವೇ ಆಗುತ್ತದೆ. ವಯಸ್ಸಾದ ದಂಪತಿಯ ಮಾತಿನಲ್ಲಿ ಮಾತ್ರ ಹೇಳದೆ ಬಿಟ್ಟದ್ದೇ ವಿಷಯ.

“ಕಾಳಜಿಯಿಂದ”, “ನಕ್ಕ”, “ಅವಳ ಸಮಾಧಾನಕ್ಕೆಂದು”, “ಜೀವವೇ ಇರಲಿಲ್ಲ”. ಇವನ್ನು ಹೊಡೆದುಹಾಕುವುದು ಸುಲಭ, ಮೂಲದಲ್ಲಿ ಇಲ್ಲ ಅಂತ ಬೆರಳಿಟ್ಟು ತೋರಿಸಬಹುದು. ಕಷ್ಟ ಇರುವುದು ಕೊನೆಯ ಸಾಲಿನಲ್ಲಿ. “ತಂದು ಇಟ್ಟಿದ್ದೀನಿ” ಅನ್ನುವುದು ಕನ್ನಡಕ್ಕೆ ಎಷ್ಟು ಸಹಜ ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಮೂಲದಲ್ಲಿ ತಂದವರು ಯಾರು ಅಂತ ಇಲ್ಲ. ಸೆಲ್ ಅಲ್ಲಿವೆ, ಅಷ್ಟೇ. ಯಾವಾಗಲೋ ತಂದು ಮರೆತದ್ದೂ ಇರಬಹುದು. ತಂದವಳು ತಾನು ಅಂತ ಹೇಳದೆ ಇರುವುದೇ ಅವಳ ರೀತಿ. ಅವಳ ಬಾಯಿಂದಲೇ ಅದನ್ನು ಹೇಳಿಸಿಬಿಟ್ಟರೆ ನಾಲ್ಕು ಪುಟದಾಚೆಯ ರಸೀದಿಗೆ ಕೆಲಸವೇ ಉಳಿಯುವುದಿಲ್ಲ. ಅವನು ಸುಮ್ಮನೆ ಒಂದು ಚೀಟಿ ನೋಡಿ ಒಳಗಿಟ್ಟ ಹಾಗೆ ಆಗುತ್ತದೆ.

ಅದಕ್ಕೇ ಇಂಥ ಕತೆಗಳಿಗೆ ನಾನು ಒಂದು ಹಾಳೆ ಇಟ್ಟುಕೊಳ್ಳುತ್ತೇನೆ. ಪ್ರತಿ ಸಂದರ್ಭದ ಎದುರಿಗೆ ಅವಳಿಗೆ ಏನು ಗೊತ್ತು, ಅವನಿಗೆ ಏನು ಗೊತ್ತು, ಓದುಗರಿಗೆ ಏನು ಗೊತ್ತು ಅಂತ ಬರೆಯುತ್ತಾ ಹೋಗುವುದು. ಟಾರ್ಚಿನ ರಾತ್ರಿಯ ಎದುರಿಗೆ, ಸೆಲ್ ತಂದದ್ದು ಅವಳಿಗೆ ಮಾತ್ರ ಗೊತ್ತು. ರಸೀದಿಯ ದಿನ ಅವನಿಗೂ ನಮಗೂ ಒಟ್ಟಿಗೆ ಗೊತ್ತಾಗುತ್ತದೆ. ಅವನಿಗೆ ಗೊತ್ತಾಯಿತು ಅನ್ನುವುದು ಅವಳಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ಈ ಹಾಳೆ ಪಕ್ಕದಲ್ಲಿದ್ದರೆ “ತಂದು ಇಟ್ಟಿದ್ದೀನಿ” ತಾನೇ ಸಿಕ್ಕಿಬೀಳುತ್ತದೆ.

ಸರಿ, “ತಂದು ಇಟ್ಟಿದ್ದೀನಿ” ಹೋಯಿತು. ಅದರ ಜಾಗಕ್ಕೆ ಏನು? “ಡ್ರಾಯರ್‌ನಲ್ಲೇ ಇವೆಯಲ್ಲ” ಅಂತ ಬರೆದರೆ, ಅಷ್ಟೂ ಗೊತ್ತಿಲ್ವಾ ಅನ್ನುವ ಸಣ್ಣ ಗದರಿಕೆ ಬಂತು. “ಡ್ರಾಯರ್‌ನಲ್ಲಿ ಇವೆ ನೋಡು” ಅಂದರೆ ಮುದ್ದು ಬಂತು. ನಮ್ಮ ಭಾಷೆಯಲ್ಲಿ ಒಂದು ‘ಏ’, ಒಂದು ‘ಅಲ್ಲ’, ಒಂದು ‘ನೋಡು’ ಸಾಕು, ಮಾತಾಡುವವರ ಮನಸ್ಸು ಹೊರಗೆ ಕಾಣುತ್ತದೆ. ಇಂಗ್ಲಿಷಿನವರು ಅದನ್ನು ದನಿಯಲ್ಲಿ ತೋರಿಸುತ್ತಾರೆ, ಮುದ್ರಿಸಿದ ಹಾಳೆಯಲ್ಲಿ ದನಿ ಕೇಳಿಸುವುದಿಲ್ಲ. ಅಲ್ಲಿ ಓದುಗರು ಊಹಿಸಿಕೊಳ್ಳುವುದನ್ನು ನಾವು ಒಂದು ಅಕ್ಷರದಲ್ಲಿ ತೀರ್ಮಾನ ಮಾಡಿಬಿಡುತ್ತೇವೆ. ಹಾಗಾಗಿ ಬರೀ “ಡ್ರಾಯರ್‌ನಲ್ಲಿ ಇವೆ” ಅಂತ ಉಳಿಸಿದೆ.

ಹಾಗಂತ ಇಂಥ ಅಕ್ಷರಗಳನ್ನೆಲ್ಲ ಕಿತ್ತು ಬಿಸಾಕುವುದೂ ತಪ್ಪು. ಅವನು ವಾಪಸ್ ಬಂದಾಗ ಅವಳು ಆಡುವ ಮಾತನ್ನೇ ನೋಡಿ. “ತಡ ಮಾಡಿದೆ” ಅಂದರೆ ಆರೋಪ. ಬರೀ “ಹೊತ್ತಾಯ್ತು” ಅಂದರೆ ಅರ್ಥವೇ ಬೇರೆ, ಇನ್ನು ಮಲಗೋಣ ಅಂದ ಹಾಗೆ. “ಹೊತ್ತಾಯ್ತಲ್ಲ” ಅಂದಾಗ ಮಾತ್ರ ಅವಳು ಗಮನಿಸಿದ್ದಳು, ಕಿವಿ ಬಾಗಿಲ ಕಡೆಗೇ ಇತ್ತು ಅನ್ನುವುದು ಹಿಂದೆ ಉಳಿಯುತ್ತದೆ. ಮೂಲದಲ್ಲಿ ಇರುವುದೂ ಅಷ್ಟೇ. ಇಲ್ಲಿ ‘ಅಲ್ಲ’ ಬೇಕೇ ಬೇಕು.

ಅವನ “ದಾರಿ ಗೊತ್ತು” ವಿಷಯದಲ್ಲಿ ಕನ್ನಡವೇ ಕೈಹಿಡಿಯಿತು. ‘ನನಗೆ’ ಅನ್ನುವುದನ್ನು ಬಿಡಬಹುದು, ಇಂಗ್ಲಿಷಿನಲ್ಲಿ ಹಾಗೆ ಬಿಡುವುದು ಕಷ್ಟ. ಕರಡಿನ “ಗೊತ್ತಿಲ್ವೇನೇ?” ಪ್ರಶ್ನೆಯಾಗಿ ಅವಳಿಂದ ಉತ್ತರ ಕೇಳುತ್ತದೆ, ಆಟಕ್ಕೆ ಕರೆಯುತ್ತದೆ. ಅವನು ಆಟಕ್ಕೆ ಕರೆಯುವವನಲ್ಲ. ಮಾತು ಮುಗಿಸಿ, ಅವಳು ಹೇಳಿದ್ದನ್ನು ಮಾಡುವವನು. ಮಾತಿನಲ್ಲಿ ಬೇಡ ಅಂದು ಕೈಯಲ್ಲಿ ಒಪ್ಪಿಕೊಳ್ಳುವುದು ಅವನ ದಾರಿ. ಮಾತು ಮೊಂಡಾಗಿದ್ದಷ್ಟೂ ಟಾರ್ಚ್ ಎತ್ತಿಕೊಂಡದ್ದಕ್ಕೆ ಬೆಲೆ. ಮಾತನ್ನೇ ಮೆತ್ತಗೆ ಮಾಡಿದರೆ ಟಾರ್ಚ್ ಬರೀ ಟಾರ್ಚ್ ಆಗಿ ಉಳಿಯುತ್ತದೆ.

ಜಾಸ್ತಿ ಹೊತ್ತು ತಿಂದದ್ದು ನೀನು-ನೀವು. ಇಂಗ್ಲಿಷಿನ ಒಂದೇ ಸರ್ವನಾಮಕ್ಕೆ ನಮ್ಮಲ್ಲಿ ಎರಡು, ಬಿಟ್ಟರೂ ಕ್ರಿಯಾಪದ ಬಿಡುವುದಿಲ್ಲ: “ತಗೋ” ಅಥವಾ “ತಗೊಳ್ಳಿ”. ಇಂಥ ಸರ್ವನಾಮಗಳು ಅಧಿಕಾರವನ್ನೂ ಸಲಿಗೆಯನ್ನೂ ಅಳೆಯುತ್ತವೆ ಅಂತ ವಿದ್ವಾಂಸರಾದ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಬರೆದರು. ಅವಳು ನೀವು, ಅವನು ನೀನು ಅಂದರೆ ಮೂಲದಲ್ಲಿ ಇಲ್ಲದ ಮೇಲು-ಕೀಳು ಬರುತ್ತದೆ. ಇಬ್ಬರೂ ನೀವು ಅಂದರೆ ದೂರ. ಇಬ್ಬರೂ ನೀನು ಅಂದರೆ ಕೆಲವರಿಗೆ ಹೊಸಕಾಲದ ಜೋಡಿಯ ಹಾಗೆ ಕೇಳಿಸಬಹುದು. ಯಾವ ಕಡೆಗೂ ವಾಲದ ಆಯ್ಕೆ ಅನ್ನುವುದೇ ಇಲ್ಲ. ಕ್ರಿಯಾಪದವನ್ನೇ ಬಿಟ್ಟು “ಟಾರ್ಚ್” ಅಂತ ಒಂದೇ ಪದ ಇಡಬಹುದು. ಒಂದೆರಡು ಕಡೆ ಅದು ಒದಗುತ್ತದೆ. ಇಡೀ ಕತೆಯಲ್ಲಿ ಹಾಗೇ ತಪ್ಪಿಸಿಕೊಂಡು ಓಡಾಡಿದರೆ ಮಾತು ತಂತಿ ಸಂದೇಶದ ಹಾಗಾಗುತ್ತದೆ. ಈ ಇಬ್ಬರು ಮೂಲದಲ್ಲಿ ಸರಿಸಮ. ಒಬ್ಬರ ಮಾತನ್ನು ಇನ್ನೊಬ್ಬರು ತಡೆಯುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ. ಆದ್ದರಿಂದ ಇಬ್ಬರಿಗೂ ನೀನು, ಮೊದಲ ಸಾಲಿನಿಂದ ಕೊನೆಯವರೆಗೆ.

ನಿರೂಪಣೆಯಲ್ಲೂ ಇದೇ ತೊಡಕು. ವಯಸ್ಸಾದವರು ಅಂತ ‘ಅವರು’ ಬಳಸಿದರೆ ಗೌರವವೇನೋ ಸರಿ, ಆದರೆ “ಅವರು ಡ್ರಾಯರ್ ಮುಚ್ಚಿದರು” ಅಂದಾಗ ಯಾರು ಮುಚ್ಚಿದ್ದು? ಅವನೋ ಅವಳೋ ಗೊತ್ತಾಗುವುದಿಲ್ಲ. ಕರಡಿನ ‘ಅಜ್ಜ’, ‘ಅಜ್ಜಿ’ ಗೊಂದಲ ತಪ್ಪಿಸುತ್ತವೆ. ಆದರೆ ಅಜ್ಜ ಅಂದ ಕೂಡಲೇ ನೋಡುವ ಕಣ್ಣು ಮೊಮ್ಮಕ್ಕಳದ್ದಾಗುತ್ತದೆ, ಅವರು ಮಾಡಿದ್ದೆಲ್ಲ ಮುದ್ದಾಗಿ ಕಾಣುತ್ತದೆ. ವಯಸ್ಸಾದವರ ಪ್ರೀತಿಯನ್ನು ಮುದ್ದು ಮಾಡುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಅವರು ಇಬ್ಬರು ದೊಡ್ಡವರು, ಗಂಡು ಮತ್ತು ಹೆಣ್ಣು. ಅವನು, ಅವಳು ಸಾಕು.

ಕೊನೆಗೆ ನಿಂತದ್ದು:

“ಟಾರ್ಚ್ ತಗೋ.”
“ದಾರಿ ಗೊತ್ತು.”
ಟಾರ್ಚ್ ತೆಗೆದುಕೊಂಡು ಹೋದ.
“ಹೊತ್ತಾಯ್ತಲ್ಲ.”
“ಸೆಲ್ ಬದಲಾಯಿಸಬೇಕು.”
“ಡ್ರಾಯರ್‌ನಲ್ಲಿ ಇವೆ.”

‘ಆದರೂ ಟಾರ್ಚ್ ತೆಗೆದುಕೊಂಡು ಹೋದ’ ಅಂತ ಬರೆಯಲು ಕೈ ಹೋಗುತ್ತದೆ. ಆ ‘ಆದರೂ’ ನಿರೂಪಕನ ಮೆಚ್ಚುಗೆ. ಮೂಲದ ಈ ಸಾಲಿನಲ್ಲಿ ಅಂಥ ಪದ ಇಲ್ಲ, ಹಾಗಾಗಿ ಬೇಡ.

ಸಂಜೆ ಗೆಳತಿಗೆ ಫೋನ್ ಮಾಡಿ ಎರಡೂ ರೂಪ ಓದಿ ಹೇಳಿದೆ. ಅವಳ ಪ್ರಶ್ನೆ ನ್ಯಾಯವಾದದ್ದೇ: “ಇದನ್ನ ಓದಿದವರು ಇಬ್ಬರಿಗೂ ಮುನಿಸು ಅಂದುಕೊಂಡರೆ?” ಅದಕ್ಕೆ ನನ್ನ ಹತ್ತಿರ ಒಂದೇ ಪರೀಕ್ಷೆ ಇದೆ. ಕತೆ ಗೊತ್ತಿಲ್ಲದ ಒಬ್ಬರಿಗೆ ಸುಮ್ನೆ ಓದಿ ಕೇಳಿಸಬೇಕು, ಇವರು ಎಂಥ ಗಂಡ ಹೆಂಡತಿ ಅಂತ ಕೇಳಬೇಕು. “ಎಷ್ಟು ಪ್ರೀತಿ ಇವರಿಗೆ!” ಅಂದರೆ ಜಾಸ್ತಿ ಹೇಳಿಬಿಟ್ಟಿದ್ದೇವೆ. “ಜಗಳ ಆಗಿದೆಯಾ?” ಅಂದರೆ ಕಡಿಮೆಯಾಗಿದೆ. “ತುಂಬಾ ವರ್ಷ ಆಗಿರಬೇಕು ಮದುವೆಯಾಗಿ” ಅಂದರೆ ಸರಿಯಾಗಿದೆ. ಅವಳು ತನ್ನ ಅಣ್ಣನಿಗೆ ಓದಿದಳು. ಆತ ಹೇಳಿದ್ದು, “ಮಾತು ಕಡಿಮೆ, ಆದ್ರೆ ಇಬ್ಬರಿಗೂ ಅಭ್ಯಾಸ ಆಗಿದೆ ಅನ್ಸುತ್ತೆ.” ಅಷ್ಟು ಸಾಕು, ಮಿಕ್ಕದ್ದನ್ನು ರಸೀದಿ ನೋಡಿಕೊಳ್ಳುತ್ತದೆ.

ಅವಳು ಒಪ್ಪಿದಳು, ಒಂದು ಬಿಟ್ಟು. ‘ಅಜ್ಜಿ’ ತೆಗೆಯಲು ಇನ್ನೂ ಮನಸ್ಸಿಲ್ಲವಂತೆ. ಶನಿವಾರ ಮತ್ತೆ ಕೂತು ಇಡೀ ಕತೆಯನ್ನು ‘ಅವಳು’ ಅಂತ ಹಾಕಿ ಜೋರಾಗಿ ಓದಿ ನೋಡುತ್ತೇವೆ.